ಗುಡ್ಡದ ಇಳಿಜಾರಿನಲ್ಲಿ ಪಿಲ್ಲರ್ ಇಲ್ಲದ ಮನೆ: ಕಿಟಕಿ ಎಷ್ಟು ಅಗಲ, ಬೆಲ್ಟ್ ಎಲ್ಲೆಲ್ಲಿ, ಕಂಬಿ ಹೇಗೆ

ಸಂಪಾಜೆ, ಮಡಿಕೇರಿ, ಸಕಲೇಶಪುರದ ಕಡೆ ಮನೆ ಕಟ್ಟುವ ಹೆಚ್ಚಿನವರು ಪಿಲ್ಲರ್ ಹಾಕುವುದಿಲ್ಲ. ಕಲ್ಲಿನ ಪಾಯ, ಅದರ ಮೇಲೆ ಬ್ಲಾಕ್ ಅಥವಾ ಕೆಂಪುಕಲ್ಲಿನ ಗೋಡೆ, ಗೋಡೆಯ ಮೇಲೆ ಸ್ಲ್ಯಾಬ್. ಒಂದು ಅಂತಸ್ತಿನ ಮನೆಗೆ ಇಷ್ಟು ಸಾಕು. ಭೂಕಂಪದ ಮಾತು ಬಂದ ಕೂಡಲೇ ‘ಪಿಲ್ಲರ್ ಹಾಕಿಸಿ’ ಎಂದು ಸಲಹೆ ಕೊಡುವವರಿದ್ದಾರೆ. ಕಂಬಿ ಕಟ್ಟಲು ಬಾರದವರು ನಿಲ್ಲಿಸಿದ ತೆಳ್ಳನೆಯ ಪಿಲ್ಲರಿಗಿಂತ ಸರಿಯಾಗಿ ಕಟ್ಟಿದ ಗೋಡೆಯೇ ಮೇಲು. ಆದರೆ ಆ ಗೋಡೆಗಳು ನಾಲ್ಕೂ ಸೇರಿ ಒಂದು ಪೆಟ್ಟಿಗೆಯ ಹಾಗೆ ವರ್ತಿಸಬೇಕು. ಇಳಿಜಾರಿನಲ್ಲಿ ಕೆಡುವುದೇ ಈ ಪೆಟ್ಟಿಗೆ.

2016ರ ಭೂಕಂಪ ನಕ್ಷೆಯಲ್ಲಿ ಕರ್ನಾಟಕದ ಹೆಚ್ಚಿನ ಭಾಗ 2ನೇ ವಲಯದಲ್ಲಿದೆ, ಕರಾವಳಿ ಮತ್ತು ಘಟ್ಟದ ಕೆಲವು ಭಾಗಗಳು 3ನೇ ವಲಯದಲ್ಲಿವೆ. 2022ರ ಜೂನ್-ಜುಲೈನಲ್ಲಿ ಸಂಪಾಜೆ, ಚೆಂಬು ಸುತ್ತ ಸಾಲಾಗಿ ಬಂದ ಸಣ್ಣ ಕಂಪನಗಳು ಅಲ್ಲಿನವರಿಗೆ ನೆನಪಿರುತ್ತವೆ. ಈ ಬರಹದ ಲೆಕ್ಕಗಳೆಲ್ಲ 3ನೇ ವಲಯದ ಒಂದಂತಸ್ತಿನ ವಾಸದ ಮನೆಗೆ. ಐಎಸ್ 4326 ಎಂಬ ಭಾರತೀಯ ಮಾನಕ ಅಂಥ ಮನೆಯನ್ನು ‘ಸಿ’ ದರ್ಜೆಗೆ ಸೇರಿಸುತ್ತದೆ. ನಕ್ಷೆ ಆಗಾಗ ಪರಿಷ್ಕಾರವಾಗುತ್ತದೆ. ಹಾಗಾಗಿ ಪ್ಲಾನ್ ಮಾಡಿಸುವ ಹೊತ್ತಿಗೆ ಜಾರಿಯಲ್ಲಿರುವುದನ್ನೇ ನೋಡಿ.

ಲೆಕ್ಕಕ್ಕೆ ಹಿಡಿದ ಮನೆ

ಹೊರ ಅಳತೆ 9.2 ಮೀಟರ್ ಉದ್ದ, 7.0 ಮೀಟರ್ ಅಗಲ. ಗೋಡೆ 200 ಮಿಮೀ ಸಾಲಿಡ್ ಬ್ಲಾಕಿನದು. ಕಣಿವೆಯ ಕಡೆಗೆ 5.0 ಮೀಟರ್ ಉದ್ದದ ಹಾಲ್, ಅದರ ಪಕ್ಕ 3.6 ಮೀಟರಿನ ಕೋಣೆ, ಎರಡರ ಅಗಲವೂ 3.6. ಗುಡ್ಡದ ಕಡೆಗೆ ಅಡುಗೆಮನೆ, ಬಚ್ಚಲು ಮತ್ತು ಇನ್ನೊಂದು ಕೋಣೆ, ಇವುಗಳ ಅಗಲ 2.8. ಉದ್ದಕ್ಕೆ ಒಂದು ನಡುಗೋಡೆ ಮತ್ತು ಮುಂದಿನಿಂದ ಹಿಂದಿನವರೆಗೆ ನೇರವಾಗಿ ಹೋಗುವ ಒಂದು ಅಡ್ಡಗೋಡೆ ಮನೆಯನ್ನು ನಾಲ್ಕು ಭಾಗ ಮಾಡುತ್ತವೆ. ಈ ‘ನೇರವಾಗಿ’ ಎಂಬುದು ಮುಖ್ಯ. ಮುಂದಿನ ಕೋಣೆಯ ಗೋಡೆ ಒಂದು ಕಡೆ, ಹಿಂದಿನದು ಅದರಿಂದ ಎರಡಡಿ ಪಕ್ಕಕ್ಕೆ ಇದ್ದರೆ ಎರಡೂ ಒಂದಕ್ಕೊಂದು ಆಸರೆ ಕೊಡುವುದಿಲ್ಲ. ಬಚ್ಚಲಿನ ನಾಲ್ಕಿಂಚಿನ ಗೋಡೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ನೆಲ 4 ಮೀಟರಿಗೆ 1 ಮೀಟರ್ ಇಳಿಯುತ್ತದೆ. ಮನೆಯ ಉದ್ದದ ಬದಿಯನ್ನು ಇಳಿಜಾರಿಗೆ ಅಡ್ಡಲಾಗಿ ಇಟ್ಟರೆ 7 ಮೀಟರ್ ಅಗಲಕ್ಕೆ 1.75 ಮೀಟರ್ ವ್ಯತ್ಯಾಸ ಬರುತ್ತದೆ. ಅದೇ ಮನೆಯನ್ನು ತಿರುಗಿಸಿ ಇಟ್ಟಿದ್ದರೆ 2.3 ಮೀಟರ್ ಆಗುತ್ತಿತ್ತು. ಅರ್ಧ ಮೀಟರಿಗೂ ಹೆಚ್ಚು ಅಗೆತ ಕಾಗದದ ಮೇಲೆಯೇ ಉಳಿಯಿತು.

ಮೊದಲ ಹೆಜ್ಜೆ: ಮಟ್ಟ ಹಿಡಿಯುವುದು

ಜೆಸಿಬಿ ಬಂದರೆ ಗುಡ್ಡವನ್ನು ಪೂರ್ತಿ ಕತ್ತರಿಸಿ ಅಂಗಳದಷ್ಟು ಜಾಗ ಮಾಡಿ ಹೋಗುತ್ತದೆ. ಹಿಂದೆ ಎತ್ತರದ ಬರೆ, ಮುಂದೆ ಸಡಿಲ ಮಣ್ಣಿನ ರಾಶಿ. 2018ರ ಆಗಸ್ಟ್ ಮಳೆಯಲ್ಲಿ ಕೊಡಗು ಕಂಡದ್ದರ ನಂತರ ಎತ್ತರದ ಬರೆಯ ಬುಡದಲ್ಲಿ ಮನೆ ಏಕೆ ಬೇಡ ಎಂದು ವಿವರಿಸುವ ಅಗತ್ಯವಿಲ್ಲ.

ನಮ್ಮ ಮನೆಯಲ್ಲಿ ಹಿಂಗೋಡೆ ಬರುವ ಜಾಗದ ಸಹಜ ನೆಲವನ್ನು ಸೊನ್ನೆ ಎಂದುಕೊಳ್ಳಿ. ಅಲ್ಲಿ ಕೇವಲ 0.6 ಮೀಟರ್ ಅಗೆಯುತ್ತೇವೆ. ಹಿಂಗೋಡೆಗೂ ಬರೆಗೂ ನಡುವೆ 1.2 ಮೀಟರ್ ಜಾಗ ಬಿಡುವುದರಿಂದ ಬರೆಯ ಎತ್ತರ 0.9 ಮೀಟರ್ ಆಗುತ್ತದೆ. ಆ ಜಾಗದಲ್ಲಿ ಕಾಂಕ್ರೀಟ್ ಚರಂಡಿ. ಬರೆಗೆ ತಡೆಗೋಡೆ ಬೇಕೆನಿಸಿದರೆ ಅದು ಪ್ರತ್ಯೇಕ ಗೋಡೆಯಾಗಿರಲಿ. ಮನೆಯ ಹಿಂಗೋಡೆಗೇ ಮಣ್ಣು ಆನಿಸಿದರೆ ಮಳೆಗಾಲಕ್ಕೆ ಒಂದು ಒತ್ತಡ, ಕಂಪನಕ್ಕೆ ಇನ್ನೊಂದು. 200 ಮಿಮೀ ಬ್ಲಾಕ್ ಗೋಡೆ ಎರಡಕ್ಕೂ ಆಗಿಬರುವುದಿಲ್ಲ.

ಅಗೆದ ನೆಲದಿಂದ 450 ಮಿಮೀ ಮೇಲೆ ಮನೆಯ ನೆಲ ಬರುತ್ತದೆ. ಮುಂದೆ ಅದೇ ನೆಲ ಸಹಜ ಭೂಮಿಯಿಂದ 1.6 ಮೀಟರ್ ಎತ್ತರದಲ್ಲಿರುತ್ತದೆ. ನೆಲದಿಂದ ಸ್ಲ್ಯಾಬಿಗೆ 3 ಮೀಟರ್ ಹಿಡಿದರೆ ಹಿಂಗೋಡೆ ಭೂಮಿಯಿಂದ 3.45 ಮೀಟರ್, ಮುಂಗೋಡೆ 4.6 ಮೀಟರ್. ಒಂದೇ ಸೂರಿನಡಿ ಎರಡು ಎತ್ತರದ ಗೋಡೆಗಳು: ಇಳಿಜಾರಿನ ಮನೆಯ ತೊಂದರೆಯೆಲ್ಲ ಇಲ್ಲಿಂದ ಶುರುವಾಗುತ್ತದೆ.

ಆ ವ್ಯತ್ಯಾಸವನ್ನು ಬ್ಲಾಕ್ ಗೋಡೆಯನ್ನೇ ಕೆಳಗಿಳಿಸಿ ತುಂಬಿಸಬಾರದು. ಹಾಗೆ ಮಾಡಿದರೆ 200 ಮಿಮೀ ದಪ್ಪದ, 4.6 ಮೀಟರ್ ಎತ್ತರದ ತೆಳುಗೋಡೆ ನಿಂತಂತಾಗುತ್ತದೆ. ನೆಲದ ಮಟ್ಟದವರೆಗೆ 450 ಮಿಮೀ ದಪ್ಪದ ಸೈಜುಗಲ್ಲಿನ ಕಟ್ಟಡ ಬರಲಿ, ಬುಡದಲ್ಲಿ 600 ಮಿಮೀ. ಕಲ್ಲನ್ನು ಸಿಮೆಂಟ್ ಗಾರೆಯಲ್ಲೇ ಕಟ್ಟಿಸಿ. ಹೊರಮುಖಕ್ಕೊಂದು ಸಾಲು, ಒಳಮುಖಕ್ಕೊಂದು ಸಾಲು ಕಟ್ಟಿ ನಡುವೆ ಚೂರುಕಲ್ಲು ಸುರಿಯುವ ಅಭ್ಯಾಸ ಎಲ್ಲ ಕಡೆಯೂ ಇದೆ. ಅಂಥ ಗೋಡೆ ಅಲುಗಿದಾಗ ಎರಡು ಹೋಳಾಗಿ ಬಿರಿಯುತ್ತದೆ, ಹೊರಗಿನ ಹೋಳು ಉಬ್ಬಿ ಬೀಳುತ್ತದೆ. 1993ರ ಸೆಪ್ಟೆಂಬರ್ 30ರ ಭೂಕಂಪದಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ಸುತ್ತಮುತ್ತ ಮಣ್ಣುಗಾರೆಯ ದಪ್ಪ ಕಲ್ಲುಗೋಡೆಗಳು ಹೀಗೆಯೇ ಸೀಳಿ ಮನೆಯೊಳಗಿದ್ದವರ ಮೇಲೆ ಬಿದ್ದವು. ಇದನ್ನು ತಡೆಯಲು ಗೋಡೆಯ ಪೂರ್ತಿ ದಪ್ಪಕ್ಕೆ ಅಡ್ಡಲಾಗಿ ಹೋಗುವ ಉದ್ದನೆಯ ಕಲ್ಲು ಬೇಕು. ಎತ್ತರದಲ್ಲಿ 600 ಮಿಮೀಗೆ ಒಂದು ಸಾಲು, ಸಾಲಿನಲ್ಲಿ 1.2 ಮೀಟರಿಗೆ ಒಂದು. ಅಷ್ಟು ಉದ್ದದ ಕಲ್ಲು ಸಿಗದಿದ್ದರೆ ಅದೇ ಜಾಗದಲ್ಲಿ ಒಂದು ಕಂಬಿ ತುಂಡು ಇಟ್ಟು ಕಾಂಕ್ರೀಟ್ ತುಂಬಿದರೂ ನಡೆಯುತ್ತದೆ.

ಪಾಯದ ತಳ ಎಲ್ಲ ಕಡೆಯೂ ಗಟ್ಟಿ ಸಹಜ ಮಣ್ಣಿನ ಮೇಲೇ ಕೂರಬೇಕು, ತುಂಬಿದ ಮಣ್ಣಿನ ಮೇಲೆ ಒಂದಡಿಯೂ ಬೇಡ. ಪಕ್ಕದ ಗೋಡೆಗಳ ಪಾಯ ಇಳಿಜಾರಿನ ಜೊತೆಗೆ ಇಳಿಯುತ್ತದಲ್ಲ, ಅದನ್ನು ಮೆಟ್ಟಿಲಾಗಿ ಇಳಿಸಿ. ಪ್ರತಿ ಮೆಟ್ಟಿಲಿನ ತಳ ನೀರುಮಟ್ಟದಲ್ಲಿರಲಿ, ಒಂದೊಂದು ಮೆಟ್ಟಿಲು 300 ಮಿಮೀ ಮೀರದಿರಲಿ, ಮೇಲಿನ ಕಾಂಕ್ರೀಟ್ ಕೆಳಗಿನದರ ಮೇಲೆ ಕನಿಷ್ಠ 600 ಮಿಮೀ ಹಾಯಲಿ. ಮುಂದಿನ ಪಾಯದ ತಳದ ಹೊರ ಅಂಚಿನಿಂದ ಅಡ್ಡಕ್ಕೆ ಅಳೆದರೆ ಇಳಿಜಾರಿನ ಮೇಲ್ಮೈಗೆ ಕನಿಷ್ಠ 900 ಮಿಮೀ ಮಣ್ಣಿರಬೇಕು, ಬಂಡೆಯಾದರೆ 600. 1:4ರ ಇಳಿಜಾರಿನಲ್ಲಿ 0.9 ಮೀಟರ್ ಆಳದ ಪಾಯಕ್ಕೆ ಇದು ತಾನಾಗಿ ಸಿಗುತ್ತದೆ. ಸಿಗದಿರುವುದು ಕೆಳಗಡೆ ರಸ್ತೆಗಾಗಿ ಬರೆ ಕಡಿದಿರುವ ಜಾಗದಲ್ಲಿ. ಅಲ್ಲಿ ಮನೆಯನ್ನು ಹಿಂದಕ್ಕೆ ಸರಿಸಿ ಅಥವಾ ಪಾಯ ಆಳಕ್ಕೆ ಇಳಿಸಿ.

ನಡುಗೋಡೆ, ಅಡ್ಡಗೋಡೆಗಳ ಕಲ್ಲಿನ ಕಟ್ಟಡವೂ ಮುಂಗೋಡೆಯ ಜೊತೆಗೇ ಕೆಳಗಿನಿಂದ ಏಳಬೇಕು. ಒಳಗೆ ತುಂಬುವ ಮಣ್ಣು ಮುಂಗೋಡೆಯನ್ನು ಕಣಿವೆಯ ಕಡೆ ತಳ್ಳುತ್ತಿರುತ್ತದೆ. ಅದನ್ನು ಹಿಂದಕ್ಕೆ ಹಿಡಿದಿಡುವುದು ಈ ಅಡ್ಡಗೋಡೆಗಳೇ. ಮಣ್ಣನ್ನು 150 ಮಿಮೀ ಪದರಗಳಲ್ಲಿ ಹಾಕಿ ದಮ್ಮಾಸು ಮಾಡಿಸಿ. ಗೋಡೆಯ ಹಿಂಬದಿಗೆ ಒಂದಡಿ ಅಗಲ ಜಲ್ಲಿ ಇಟ್ಟು, ಭೂಮಿಗೆ ಹತ್ತಿರದಲ್ಲಿ 1.5 ಮೀಟರಿಗೊಂದು ಪೈಪಿನ ನೀರುಕಿಂಡಿ ಬಿಡಿ. ತುಂಬುವ ಎತ್ತರ 1.5 ಮೀಟರ್ ದಾಟಿದರೆ ಇದು ಮೇಸ್ತ್ರಿಯ ಅಂದಾಜಿಗೆ ಬಿಡುವ ಕೆಲಸವಲ್ಲ, ಎಂಜಿನಿಯರ್ ತಡೆಗೋಡೆಯಾಗಿಯೇ ಲೆಕ್ಕ ಹಾಕಲಿ. ಇನ್ನೊಂದು ಆಸೆ ಇಲ್ಲಿ ಸಹಜವಾಗಿ ಹುಟ್ಟುತ್ತದೆ: ಮಣ್ಣು ತುಂಬುವ ಬದಲು ಮುಂಗೋಡೆಯಲ್ಲಿ ಬಾಗಿಲಿಟ್ಟು ಕೆಳಗೆ ಸ್ಕೂಟರ್ ನಿಲ್ಲಿಸಬಹುದಲ್ಲ ಎಂದು. ಇಡೀ ಮನೆಯ ಅತಿ ಹೆಚ್ಚು ಒತ್ತಡ ಬೀಳುವ ಜಾಗಕ್ಕೇ ತೂತು ಕೊರೆದ ಹಾಗೆ ಅದು.

ಎರಡನೆಯ ಹೆಜ್ಜೆ: ಬಾಗಿಲು, ಕಿಟಕಿ

ಕಣಿವೆಯ ನೋಟಕ್ಕಾಗಿಯೇ ಅಲ್ಲಿ ಮನೆ ಕಟ್ಟುವುದು. ಆದ್ದರಿಂದ ಮೊದಲ ಪ್ಲಾನ್ ಸಾಮಾನ್ಯವಾಗಿ ಹೀಗೆ ಬರುತ್ತದೆ: ಹಾಲಿನ ಮುಂಗೋಡೆಯಲ್ಲಿ 1.2 ಮೀಟರ್ ಬಾಗಿಲು, ಮೂಲೆಗೆ ತಾಗಿಸಿ 2.4 ಮೀಟರ್ ಕಿಟಕಿ. ಕೋಣೆಗೆ 2.1 ಮೀಟರ್ ಕಿಟಕಿ. ಗುಡ್ಡದ ಕಡೆ ಏನೂ ಕಾಣುವುದಿಲ್ಲವೆಂದು ಮೂರು ವೆಂಟಿಲೇಟರ್, ಒಂದೊಂದು 0.6.

ಮಾನಕದ ಲೆಕ್ಕ ಸುಲಭ. ಎರಡು ಅಡ್ಡಗೋಡೆಗಳ ನಡುವಿನ ಗೋಡೆಯ ಉದ್ದ ತೆಗೆದುಕೊಳ್ಳಿ, ಅದರಲ್ಲಿರುವ ತೆರಪುಗಳ ಅಗಲವನ್ನೆಲ್ಲ ಕೂಡಿಸಿ ಭಾಗಿಸಿ. ಸಿ ದರ್ಜೆಯ ಒಂದಂತಸ್ತಿನ ಮನೆಯಲ್ಲಿ ಇದು 0.55 ದಾಟಬಾರದು. ಮೂಲೆಯ ಒಳಬದಿಯಿಂದ ಮೊದಲ ತೆರಪಿಗೆ ಕನಿಷ್ಠ 230 ಮಿಮೀ, ಎರಡು ತೆರಪುಗಳ ನಡುವಿನ ಗೋಡೆತುಂಡು ಕನಿಷ್ಠ 450 ಮಿಮೀ. ಮೇಲೆ ಇನ್ನೊಂದು ಅಂತಸ್ತು ಬರುವುದಾದರೆ 0.55 ಅಲ್ಲ, 0.46. ‘ಮುಂದೆ ನೋಡೋಣ’ ಎನ್ನುವವರು ಈಗಲೇ 0.46 ಹಿಡಿಯುವುದು ಲೇಸು, ಏಕೆಂದರೆ ಕಿಟಕಿಯನ್ನು ಆಮೇಲೆ ಕಿರಿದು ಮಾಡಿದರೆ ತುಂಬಿದ ಬ್ಲಾಕು ಹಳೆ ಗೋಡೆಗೆ ಬೆಸೆಯುವುದಿಲ್ಲ.

ಆ ಪ್ಲಾನಿನಲ್ಲಿ ಹಾಲಿನ ಗೋಡೆ 3.6 ಭಾಗಿಸು 5.0, ಅಂದರೆ 0.72. ಕೋಣೆಯದು 2.1 ಭಾಗಿಸು 3.6, 0.58. ಎರಡೂ ನಪಾಸು. ಅದಕ್ಕಿಂತ ಕೆಟ್ಟದ್ದು ಹಿಂಗೋಡೆಯ ಜೊತೆ ಹೋಲಿಸಿದಾಗ ಕಾಣುತ್ತದೆ. ಮುಂದೆ ಒಟ್ಟು 66 ಪ್ರತಿಶತ ತೆರಪು, ಹಿಂದೆ 21. ಭೂಮಿ ಮನೆಯ ಉದ್ದದ ದಿಕ್ಕಿಗೆ ಅಲುಗಿದರೆ ಗಟ್ಟಿಯಾದ, ಗಿಡ್ಡ ಹಿಂಗೋಡೆ ಜಗ್ಗುವುದಿಲ್ಲ. ತೂತುಗಳ ಎತ್ತರದ ಮುಂಗೋಡೆ ಜಗ್ಗುತ್ತದೆ. ಸ್ಲ್ಯಾಬ್ ಹಿಂಗೋಡೆಯ ಸುತ್ತ ತಿರುಗಲು ನೋಡುತ್ತದೆ, ಕೀಲಿನ ಸುತ್ತ ಬಾಗಿಲು ತಿರುಗುವ ಹಾಗೆ. ಆ ತಿರುಚಿನ ಪೂರ್ತಿ ಏಟು ಮುಂದಿನ ಮೂಲೆಗಳಿಗೆ. ಅಲ್ಲಿ ಮೂಲೆಗೆ ತಾಗಿಸಿಟ್ಟ ಕಿಟಕಿ ಇದ್ದರೆ ಮೂಲೆಯೇ ಇಲ್ಲದಂತಾಯಿತು.

ಇಳಿಜಾರಿನಲ್ಲಿ ಮಾನಕದ ಕನಿಷ್ಠಕ್ಕೆ ನಿಲ್ಲದೆ ಒಂದು ದರ್ಜೆ ಮೇಲಿನ, ಅಂದರೆ ‘ಡಿ’ ದರ್ಜೆಯ ಅಳತೆ ಹಿಡಿಯಬೇಕೆಂಬುದು ನಮ್ಮ ಅಭಿಪ್ರಾಯ: ತೆರಪು 0.50ರ ಒಳಗೆ, ಮೂಲೆಯಿಂದ 450 ಮಿಮೀ, ಗೋಡೆತುಂಡು 560 ಮಿಮೀ. ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ಇಟ್ಟ ಜಾಗ ಬದಲಾಯಿಸಬೇಕು, ಅಷ್ಟೇ.

ತಿದ್ದಿದ ಪ್ಲಾನ್: ಹಾಲಿನ ಮುಂಗೋಡೆಯಲ್ಲಿ ಎಡದಿಂದ 0.8 ಗೋಡೆ, 1.0 ಬಾಗಿಲು, 0.9 ಗೋಡೆ, 1.5 ಕಿಟಕಿ, 0.8 ಗೋಡೆ. ತೆರಪು 2.5, ಸರಿಯಾಗಿ 0.50. ಕೋಣೆಯಲ್ಲಿ ನಡುಮಧ್ಯಕ್ಕೆ 1.5 ಕಿಟಕಿ, ಎರಡೂ ಪಕ್ಕ 1.05 ಗೋಡೆ, 0.42. ಹಿಂದೆ ಕೋಣೆಗೆ 1.2 ಕಿಟಕಿ, ಅಡುಗೆಮನೆಗೆ 1.2 ಕಿಟಕಿ, ಬಚ್ಚಲಿಗೆ 0.6 ವೆಂಟಿಲೇಟರ್. ಹಿತ್ತಿಲ ಬಾಗಿಲನ್ನು ಹಿಂಗೋಡೆಯಲ್ಲಿಡದೆ ಅಡುಗೆಮನೆಯ ಪಕ್ಕದ ಗೋಡೆಯಲ್ಲಿಟ್ಟಿದ್ದೇವೆ. ಈಗ ಮುಂದೆ 47 ಪ್ರತಿಶತ, ಹಿಂದೆ 35. ಪೂರ್ತಿ ಸಮವಲ್ಲ, ಆದರೆ 66-21ರ ಅಸಡ್ಡಾಳವೂ ಅಲ್ಲ.

ನೋಟ ಕಡಿಮೆಯಾಯಿತು ಎಂದು ಮನೆಯವರು ಬೇಸರಿಸಿದರೆ ಕಿಟಕಿಯ ಅಗಲ ಮುಟ್ಟದೆ ಕೆಳ ಅಂಚನ್ನು ನೆಲದಿಂದ 900ರ ಬದಲು 600 ಮಿಮೀಗೆ ಇಳಿಸಿ. ತೆರಪಿನ ಲೆಕ್ಕಕ್ಕೆ ಬರುವುದು ಅಗಲ, ಎತ್ತರವಲ್ಲ. ಕುರ್ಚಿಯಲ್ಲಿ ಕೂತವರಿಗೆ ಕಣಿವೆ ಕಾಣಿಸುವುದು ಈ ಕೆಳಗಿನ ಒಂದಡಿಯಿಂದಲೇ. ಆದರೆ ಬಾಗಿಲು, ಕಿಟಕಿ, ವೆಂಟಿಲೇಟರ್ ಎಲ್ಲದರ ಮೇಲಂಚು ಮಾತ್ರ 2.1 ಮೀಟರಿನ ಒಂದೇ ಮಟ್ಟದಲ್ಲಿರಲಿ. ಬಚ್ಚಲಿನ ವೆಂಟಿಲೇಟರನ್ನು ಒಂದಡಿ ಮೇಲಕ್ಕೆ ಏರಿಸಿದರೂ ಮುಂದೆ ಹೇಳುವ ಬೆಲ್ಟ್ ಅಲ್ಲಿ ತುಂಡಾಗುತ್ತದೆ.

ಮೂರನೆಯ ಹೆಜ್ಜೆ: ಬೆಲ್ಟ್

ಗೋಡೆಗಳ ಸುತ್ತಲೂ ಒಂದೇ ಮಟ್ಟದಲ್ಲಿ ಹಾಯುವ ಕಂಬಿ ಹಾಕಿದ ಕಾಂಕ್ರೀಟ್ ಪಟ್ಟಿಗೆ ಎಂಜಿನಿಯರ್ ನಕ್ಷೆಯಲ್ಲಿ ಬ್ಯಾಂಡ್ ಎಂದು ಬರೆದಿರುತ್ತದೆ, ಕೆಲಸದವರ ಬಾಯಲ್ಲಿ ಬೆಲ್ಟ್. ಗೋಡೆಗೆ ಅದರ ಉದ್ದಕ್ಕೆ ತಳ್ಳಿದರೆ ಬಲವಿದೆ, ಮುಖಕ್ಕೆ ತಳ್ಳಿದರೆ ಇಲ್ಲ. ಯಾವ ದಿಕ್ಕಿಗೆ ಅಲುಗಿದರೂ ಎರಡು ಗೋಡೆಗಳು ಬಲವಾಗಿ, ಎರಡು ದುರ್ಬಲವಾಗಿ ನಿಂತಿರುತ್ತವೆ. ದುರ್ಬಲವಾದವನ್ನು ಬಲವಾದವಕ್ಕೆ ಕಟ್ಟಿಹಾಕುವ ಹಗ್ಗವೇ ಬೆಲ್ಟ್. ಹಗ್ಗ ಒಂದು ಕಡೆ ಬಿಚ್ಚಿಕೊಂಡರೆ ಉಳಿದ ಸುತ್ತೆಲ್ಲ ದಂಡ.

ಈ ಮನೆಗೆ ಎರಡು ಬೆಲ್ಟ್ ಬೇಕು: ನೆಲದ ಮಟ್ಟದಲ್ಲಿ ಪ್ಲಿಂತ್ ಬೆಲ್ಟ್, 2.1 ಮೀಟರಿನಲ್ಲಿ ಲಿಂಟಲ್ ಬೆಲ್ಟ್. ಮಣ್ಣು ಒಂದೇ ಸಮನಿಲ್ಲದ ಕಡೆ ಪ್ಲಿಂತ್ ಬೆಲ್ಟ್ ಹಾಕಿ ಎನ್ನುತ್ತದೆ ಮಾನಕ. ಹಿಂದೆ ಅಗೆದ ನೆಲ, ಮುಂದೆ ಎತ್ತರದ ಕಲ್ಲುಕಟ್ಟಡ ಇರುವ ಇಳಿಜಾರು ಅದಕ್ಕೆ ಒಳ್ಳೆಯ ಉದಾಹರಣೆ. ಆರ್‌ಸಿಸಿ ಸ್ಲ್ಯಾಬ್ ಗೋಡೆಯ ದಪ್ಪದ ಕನಿಷ್ಠ ಮುಕ್ಕಾಲು ಭಾಗದ ಮೇಲೆ ಕೂತಿದ್ದರೆ ಬೇರೆ ರೂಫ್ ಬೆಲ್ಟ್ ಬೇಡ. ಹೆಂಚಿನ ಮಾಡಾದರೆ ಬೇಕೇ ಬೇಕು. ತ್ರಿಕೋನದ ಗೋಡೆ ಇದ್ದರೆ ಅದರ ಓರೆಯ ಅಂಚಿಗೂ ಬೆಲ್ಟ್ ಹೋಗಬೇಕು. ಆ ತ್ರಿಕೋನದ ಗೋಡೆಯೇ ಬೇಡವೆನ್ನುವವರು ನಾಲ್ಕೂ ಕಡೆ ಇಳಿಜಾರಿರುವ ಮಾಡು ಮಾಡಿಸಿಕೊಳ್ಳಲಿ.

5 ಮೀಟರ್‌ವರೆಗಿನ ಗೋಡೆಗೆ ಮಾನಕ ಕೇಳುವುದು 75 ಮಿಮೀ ದಪ್ಪದ ಬೆಲ್ಟ್, ಅದರಲ್ಲಿ 8 ಮಿಮೀಯ ಎರಡು ಕಂಬಿ, 150 ಮಿಮೀಗೊಂದು 6 ಮಿಮೀ ಲಿಂಕ್. ಮೂರಿಂಚಿನ ಬೆಲ್ಟಿನಲ್ಲಿ ಕಂಬಿಗೆ ಮೇಲೆ ಕೆಳಗೆ 25 ಮಿಮೀ ಕವರ್ ಸಿಗುವ ಹಾಗೆ ಕಾಂಕ್ರೀಟ್ ಹಾಕುವ ತಾಳ್ಮೆ ಸೈಟಿನಲ್ಲಿ ಅಪರೂಪ. ಎರಡೂ ಬೆಲ್ಟುಗಳನ್ನು 150 ಮಿಮೀ ಮಾಡಿ ನಾಲ್ಕು ಕಂಬಿ ಹಾಕಿದರೆ ರಿಂಗ್ ಕಟ್ಟುವುದು ಸುಲಭ, ಕಂಬಿ ತನ್ನ ಜಾಗದಲ್ಲಿ ನಿಲ್ಲುತ್ತದೆ, ಲಿಂಟಲ್ಲೂ ಅದರಲ್ಲೇ ಸೇರಿಹೋಗುತ್ತದೆ. ಹೊರಗೋಡೆ, ನಡುಗೋಡೆ, ಅಡ್ಡಗೋಡೆ ಎಲ್ಲ ಕೂಡಿ ಒಂದು ಬೆಲ್ಟಿನ ಉದ್ದ ಸುಮಾರು 47.5 ಮೀಟರ್. 200 ಮಿಮೀ ಅಗಲಕ್ಕೆ ಕಾಂಕ್ರೀಟ್ 1.4 ಘನ ಮೀಟರಿಗೆ ಸ್ವಲ್ಪ ಹೆಚ್ಚು. 8 ಮಿಮೀ ಕಂಬಿ ಜೋಡಣೆಯೂ ಸೇರಿ 82 ಕಿಲೋ. 6 ಮಿಮೀ ರಿಂಗ್ ಸುಮಾರು 320, ತೂಕ 44 ಕಿಲೋ. ಕಾಂಕ್ರೀಟ್ ಎಂ20, ಅಂದರೆ 1:1½:3.

ಕಿಟಕಿ-ಬಾಗಿಲಿನ ಮೇಲೆ ಬೆಲ್ಟೇ ಲಿಂಟಲ್ ಆಗುವುದರಿಂದ ಅಲ್ಲಿ ಕೆಳಭಾಗಕ್ಕೆ ಹೆಚ್ಚಿನ ಕಂಬಿ ಬೇಕು. 1.5 ಮೀಟರ್ ಕಿಟಕಿಗೆ 12 ಮಿಮೀಯ ಎರಡು ಕಂಬಿ, ಎರಡೂ ಕಡೆ ಗೋಡೆಯೊಳಗೆ ಒಂದಡಿ ಹೋಗುವಷ್ಟು ಉದ್ದ. ಇದು ಬೆಲ್ಟಿನ ನಾಲ್ಕು ಕಂಬಿಗಳ ಜೊತೆಗೆ, ಅವುಗಳ ಬದಲಿಗಲ್ಲ. ದೊಡ್ಡ ಸ್ಲ್ಯಾಬಿನ ಭಾರ ಹೊರುವ ಗೋಡೆಯಾದರೆ ಬೆಲ್ಟನ್ನು ಅಲ್ಲಿ 200 ಮಿಮೀ ಮಾಡಬೇಕೇ ಎಂದು ಎಂಜಿನಿಯರ್ ಒಮ್ಮೆ ನೋಡಲಿ.

ಈಗ ಮೂಲೆ. ಬೆಲ್ಟಿನ ಉಪಯೋಗವೆಲ್ಲ ನಿಂತಿರುವುದು ಇಲ್ಲಿ, ಕೆಲಸ ಕೆಡುವುದೂ ಇಲ್ಲೇ. ಕಂಬಿ ಕಟ್ಟುವವರು ನಾಲ್ಕು ಗೋಡೆಗೂ ನಾಲ್ಕು ನೇರವಾದ ಪಂಜರ ಮಾಡಿ ಮೂಲೆಯಲ್ಲಿ ಒಂದರ ತುದಿಗೆ ಇನ್ನೊಂದನ್ನು ತಾಗಿಸಿ ಇಡುತ್ತಾರೆ. ಮೇಲಿಂದ ನೋಡಿದರೆ ಎಲ್ಲ ಸೇರಿದ ಹಾಗೇ ಕಾಣುತ್ತದೆ. ಆದರೆ ಎರಡು ಗೋಡೆ ಬೇರೆಯಾಗಲು ಎಳೆದಾಗ ಅಲ್ಲಿ ಹಿಡಿಯುವ ಕಂಬಿ ಒಂದೂ ಇರುವುದಿಲ್ಲ.

ಸರಿಯಾದದ್ದು ಹೀಗೆ. ಹೊರಮುಖದ ಕಂಬಿ ಮೂಲೆಯಲ್ಲಿ ಮುರಿಯದೆ ಬಾಗಿ, ಪಕ್ಕದ ಗೋಡೆಯ ಹೊರಮುಖದಲ್ಲೇ 500 ಮಿಮೀ ಮುಂದುವರಿದು ಅಲ್ಲಿನ ಕಂಬಿಗೆ ಜೋಡಣೆಯಾಗಬೇಕು. ಒಳಮುಖದ ಕಂಬಿಯನ್ನು ಒಳಮೂಲೆಯಲ್ಲಿ ಬಾಗಿಸಬಾರದು. ಬಾಗಿಸಿದರೆ ಎಳೆತ ಬಂದಾಗ ಅದು ನೇರವಾಗಲು ಹೋಗಿ ಒಳಮೂಲೆಯ ಕಾಂಕ್ರೀಟನ್ನು ಸಿಡಿಸಿಕೊಂಡು ಹೊರಬರುತ್ತದೆ. ಅದು ನೇರವಾಗಿ ಪಕ್ಕದ ಗೋಡೆಯ ಹೊರಮುಖದವರೆಗೆ ದಾಟಿ ಹೋಗಿ, ಅಲ್ಲಿ ಬಾಗಿ, ಹೊರಮುಖದ ಉದ್ದಕ್ಕೆ ಸಾಗಬೇಕು. ಹಾಗಾಗಿ ಸರಿಯಾಗಿ ಕಟ್ಟಿದ ಮೂಲೆಯಲ್ಲಿ ಒಳಕಂಬಿಗಳು ಒಂದನ್ನೊಂದು ಕತ್ತರಿಯಂತೆ ದಾಟಿರುವುದು ಕಾಣಿಸುತ್ತದೆ. ಕತ್ತರಿ ಕಾಣಿಸದಿದ್ದರೆ ಕಾಂಕ್ರೀಟ್ ನಿಲ್ಲಿಸಿ. ಅಡ್ಡಗೋಡೆ ಬಂದು ಸೇರುವ ಕಡೆಯೂ ಇದೇ ನಿಯಮ: ಅಡ್ಡಗೋಡೆಯ ಕಂಬಿಗಳು ಹೊರಗೋಡೆಯ ಹೊರಮುಖದವರೆಗೆ ಹೋಗಿ ಒಂದು ಎಡಕ್ಕೆ, ಒಂದು ಬಲಕ್ಕೆ ಬಾಗಲಿ.

ಜೋಡಣೆಗಳನ್ನು ಕಿಟಕಿಯ ಮೇಲೆ ತರಬೇಡಿ, ನಾಲ್ಕೂ ಕಂಬಿಗೆ ಒಂದೇ ಜಾಗದಲ್ಲೂ ಕೊಡಬೇಡಿ. ರಿಂಗಿನ ಕೊಕ್ಕೆ ಒಳಕ್ಕೆ ಬಾಗಿರಲಿ. ಕಾಂಕ್ರೀಟ್ ಒಂದೇ ದಿನದಲ್ಲಿ ಸುತ್ತು ಮುಗಿಯುವಷ್ಟು ಆಳು ಇಟ್ಟುಕೊಳ್ಳಿ. ಒಂದೂವರೆ ಘನ ಮೀಟರಿಗೆ ಅರ್ಧ ದಿನ ಸಾಕು. ಆಮೇಲೆ ಬರುವ ಎಲೆಕ್ಟ್ರಿಷಿಯನ್ ಮತ್ತು ಪ್ಲಂಬರಿಗೆ ಮೊದಲೇ ಹೇಳಿ, ಪೈಪು ದಾಟುವ ಕಡೆ ಸ್ಲೀವ್ ಪೈಪ್ ಇಟ್ಟುಬಿಡಿ. ಗಟ್ಟಿಯಾದ ಬೆಲ್ಟನ್ನು ಪೈಪಿಗಾಗಿ ಕೊರೆದು ಒಂದು ಕಂಬಿ ಕತ್ತರಿಸಿದರೆ ಸುತ್ತಿನ ಕಾಲು ಭಾಗದ ಬಲ ಅಲ್ಲಿಗೆ ಹೋಯಿತು.

ಮೆಟ್ಟಿಲು ಮೆಟ್ಟಿಲಾದ ಮನೆಯ ಬಗ್ಗೆ ಒಂದು ಮಾತು. ಮಣ್ಣು ತುಂಬುವುದು ತಪ್ಪಲಿ ಎಂದು ಹಿಂದಿನ ಕೋಣೆಗಳ ನೆಲವನ್ನು ಮೂರಡಿ ಮೇಲಿಡುವವರಿದ್ದಾರೆ. ಆಗ ಮುಂದಿನ ಲಿಂಟಲ್ ಬೆಲ್ಟ್ ಒಂದು ಮಟ್ಟದಲ್ಲಿ, ಹಿಂದಿನದು ಇನ್ನೊಂದರಲ್ಲಿ ಬಂದು ನಡುಗೋಡೆಯನ್ನು ಎರಡು ಕಡೆಯಿಂದ ಎರಡು ಎತ್ತರದಲ್ಲಿ ಗುದ್ದುತ್ತವೆ. ಮಟ್ಟ ಬೇರೆ ಬೇರೆ ಬೇಕೇ ಬೇಕೆಂದರೆ ಅವನ್ನು ಎರಡು ಮನೆಗಳೆಂದೇ ಕಟ್ಟಿ: ನಡುವೆ ಎರಡು ಗೋಡೆ, ಪ್ರತಿ ಭಾಗಕ್ಕೂ ತನ್ನದೇ ಬೆಲ್ಟ್, ಎರಡು ಗೋಡೆಗಳ ನಡುವೆ ಕನಿಷ್ಠ 25 ಮಿಮೀ ಖಾಲಿ ಸಂದು. ಸಂದಿನಲ್ಲಿ ಗಾರೆ ಬೀಳದಂತೆ ಥರ್ಮೋಕೋಲ್ ಇಡಿ. ಮೇಲೆ ಮಳೆನೀರು ತಡೆಯಲು ಹಾಕುವ ತಗಡನ್ನು ಒಂದೇ ಗೋಡೆಗೆ ಮೊಳೆ ಹೊಡೆಯಿರಿ.

ನಾಲ್ಕನೆಯ ಹೆಜ್ಜೆ: ನಿಂತ ಕಂಬಿ ಮತ್ತು ಗೋಡೆ ಏರಿಸುವ ಕ್ರಮ

ಸಿ ದರ್ಜೆಯ ಒಂದಂತಸ್ತಿನ ಮನೆಗೆ ನಿಂತ ಕಂಬಿ ಕಡ್ಡಾಯವಲ್ಲ. ಡಿ ದರ್ಜೆಗೆ ಮೂಲೆ, ಕೂಡುಜಾಗಗಳಲ್ಲಿ 10 ಮಿಮೀಯ ಒಂದೊಂದು ಕಂಬಿ ಕೇಳುತ್ತಾರೆ, ತೆರಪಿನ ಪಕ್ಕದಲ್ಲೂ. ಕಣಿವೆಯ ಕಡೆಯ ಗೋಡೆತುಂಡುಗಳು ಅಲುಗಾಟಕ್ಕೆ ಬುಡದಲ್ಲಿ ಎದ್ದು ಬಿದ್ದು ಮಾಡುವುದನ್ನು ತಡೆಯುವುದು ಈ ಕಂಬಿಯೇ ಆದ್ದರಿಂದ ಇಲ್ಲಿ ಹಾಕುವುದು ಯೋಗ್ಯ. ನಮ್ಮ ಪ್ಲಾನಿನಲ್ಲಿ ನಾಲ್ಕು ಮೂಲೆ, ನಾಲ್ಕು ಪಕ್ಕದ ಕೂಡುಜಾಗ, ಒಂದು ನಡುವಿನದು, ಮುಂದಿನ ಮೂರು ತೆರಪುಗಳ ಆರು ಪಕ್ಕ: ಒಟ್ಟು ಹದಿನೈದು ಕಂಬಿ. ಪಾಯದ ಕಾಂಕ್ರೀಟಿನಲ್ಲೇ ಕೊಕ್ಕೆ ಬಾಗಿಸಿ ನಿಲ್ಲಿಸಿ, ಎರಡೂ ಬೆಲ್ಟುಗಳ ರಿಂಗಿನೊಳಗಿಂದ ಹಾಯಿಸಿ, ಸ್ಲ್ಯಾಬಿನಲ್ಲಿ ಒಂದಡಿ ಬಾಗಿಸಬೇಕು.

ಸಾಲಿಡ್ ಬ್ಲಾಕಿನಲ್ಲಿ ಕಂಬಿಗೆ ತೂತಿಲ್ಲ. ಆ ಜಾಗಕ್ಕೆ ಮಾತ್ರ ಹಾಲೋ ಬ್ಲಾಕ್ ತರಿಸಿ, ಅಥವಾ ಬ್ಲಾಕ್ ಕತ್ತರಿಸಿ ನಾಲ್ಕಿಂಚಿನ ಗೂಡು ಬಿಡಿ. ಮೂರು ವರಸೆ ಕಟ್ಟಿದ ಮೇಲೆ ಗೂಡಿನೊಳಗೆ ಬಿದ್ದ ಗಾರೆ ತೆಗೆದು, ನೀರು ಹಾಕಿ, ಸಣ್ಣ ಜಲ್ಲಿಯ ಕಾಂಕ್ರೀಟ್ ತುಂಬಿ, ಕಂಬಿ ತುಂಡಿನಿಂದ ಕುಟ್ಟಿ. ಪೂರ್ತಿ ಗೋಡೆ ಎದ್ದ ಮೇಲೆ ಮೇಲಿಂದ ಒಂದೇ ಸಲ ಸುರಿದರೆ ನಡುವೆ ಎಲ್ಲೋ ಕಟ್ಟಿಕೊಂಡು ಕೆಳಗೆ ಖಾಲಿ ಉಳಿಯುತ್ತದೆ. ಮಳೆನಾಡಿನಲ್ಲಿ ಆ ಖಾಲಿಯಲ್ಲಿ ಕಂಬಿ ತುಕ್ಕು ಹಿಡಿಯಲು ಹೆಚ್ಚು ಕಾಲ ಬೇಕಿಲ್ಲ. ಗೋಡೆಯ ಮೇಲೆ ಬೆರಳಿನ ಗೆಣ್ಣಿನಿಂದ ಬಡಿದರೆ ಖಾಲಿಯ ಸದ್ದೇ ಬೇರೆ.

ಗಾರೆಗೆ ಸಿ ದರ್ಜೆಯಲ್ಲಿ 1:6 ಸಾಕು, ಇಲ್ಲಿ 1:5 ಹಿಡಿಯಿರಿ. ಅನುಪಾತಕ್ಕಿಂತ ಹೆಚ್ಚು ಕೆಡಿಸುವುದು ನಿಂತ ಸಂದುಗಳನ್ನು ತುಂಬದೆ ಬಿಡುವುದು ಮತ್ತು ಕಲಸಿದ ಗಾರೆಗೆ ಊಟದ ನಂತರ ಮತ್ತೆ ನೀರು ಹಾಕಿ ಬಳಸುವುದು. ಗೋಡೆಗಳನ್ನೆಲ್ಲ ಒಟ್ಟಿಗೆ ಏರಿಸಿ. ಒಂದು ಗೋಡೆಯನ್ನು ಅರ್ಧಕ್ಕೆ ನಿಲ್ಲಿಸಲೇಬೇಕಾದರೆ ತುದಿಯನ್ನು ಮೆಟ್ಟಿಲಾಗಿ ಇಳಿಸಿ ಬಿಡಿ. ನೇರ ತುದಿಯಲ್ಲಿ ಹಲ್ಲು ಬಿಟ್ಟು ಆಮೇಲೆ ಸೇರಿಸಿದರೆ ಹಲ್ಲಿನ ಸಂದಿಗೆ ಗಾರೆ ಪೂರ್ತಿ ಹೋಗುವುದಿಲ್ಲ, ಪ್ಲಾಸ್ಟರ್ ಅದನ್ನು ಮುಚ್ಚಿಹಾಕುತ್ತದೆ.

ಬಿರುಕು ಕಂಡರೆ

ಮನೆ ಮುಗಿದು ಒಂದೆರಡು ಮಳೆಗಾಲ ಕಳೆದ ಮೇಲೆ ಕಾಣುವ ಬಿರುಕಿನಲ್ಲಿ ಪಾಯ ಇಳಿದದ್ದು ಯಾವುದು, ಅಲುಗಾಟದ್ದು ಯಾವುದು ಎಂದು ಬಿಡಿಸಿ ನೋಡಬೇಕು. ಪಕ್ಕದ ಗೋಡೆಯಲ್ಲಿ, ಅಗೆದ ನೆಲ ಮುಗಿದು ಇಳಿಜಾರು ಶುರುವಾಗುವ ಆಸುಪಾಸಿನಲ್ಲಿ ಬಿರುಕು ಎದ್ದು, ಮೇಲೆ ಅಗಲವಾಗಿ ಕೆಳಗೆ ಕಿರಿದಾಗಿದ್ದರೆ ಮುಂಗೋಡೆ ಕಣಿವೆಯ ಕಡೆ ವಾಲುತ್ತಿದೆ. ನಮ್ಮ ಮನೆಯಲ್ಲಿ ಆ ಜಾಗ ಹಿಂಗೋಡೆಯಿಂದ 2.4 ಮೀಟರ್ ಮುಂದೆ. ಹಾಲಿನ ನೆಲಕ್ಕೂ ಮುಂಗೋಡೆಗೂ ನಡುವೆ ಎಳೆಯಂಥ ಸಂದು ಬಿಟ್ಟಿದ್ದರೆ ತುಂಬಿದ ಮಣ್ಣು ಕುಸಿದಿದೆ. ಅದು ನೆಲದ ತೊಂದರೆ ಮಾತ್ರವೇ, ಗೋಡೆಯೂ ಸರಿದಿದೆಯೇ ಎಂದು ತೂಗುಗುಂಡು ಬಿಟ್ಟು ನೋಡಿ. ಕಂಪನದ ಬಿರುಕಿನ ಬರವಣಿಗೆ ಬೇರೆ: ಎರಡು ಕಿಟಕಿಗಳ ನಡುವಿನ ಗೋಡೆತುಂಡಿನಲ್ಲಿ ಓರೆಯಾಗಿ, ಕೆಲವೊಮ್ಮೆ ಗುಣಾಕಾರ ಚಿಹ್ನೆಯಂತೆ; ಅಥವಾ ಮೂಲೆಯಲ್ಲಿ ನಿಂತ ಗೆರೆಯಾಗಿ, ಮೇಲಕ್ಕೆ ಹೋದಂತೆ ಬಾಯಿ ಬಿಟ್ಟುಕೊಂಡು. ಈ ಎರಡನೆಯದು ಕಂಡರೆ ಆ ಮೂಲೆಯಲ್ಲಿ ಬೆಲ್ಟ್ ಇಲ್ಲ, ಇಲ್ಲವೇ ಅದರ ಕಂಬಿ ಒಂದಕ್ಕೊಂದು ಸೇರಿಲ್ಲ.

ಪುಟ್ಟಿ ತುಂಬಿ ಬಣ್ಣ ಬಳಿಯುವ ಮುಂಚೆ ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದು ತಾರೀಕು ಬರೆಯಿರಿ, ಅಗಲ ಹೆಚ್ಚಿರುವಲ್ಲಿ ಮಿಲಿಮೀಟರಿನಲ್ಲಿ ಅಳೆದು ಪಕ್ಕದಲ್ಲೇ ಗುರುತು ಹಾಕಿ. ಮೇ ಕೊನೆಗೊಮ್ಮೆ, ಸೆಪ್ಟೆಂಬರಿನಲ್ಲೊಮ್ಮೆ ನೋಡಿ. ಗೆರೆ ದಾಟಿ ಮುಂದೆ ಹೋಗಿದ್ದರೆ ಮೊದಲು ಹಿಂದಿನ ಚರಂಡಿ ಮತ್ತು ಮುಂದಿನ ನೀರುಕಿಂಡಿ ಕಟ್ಟಿಕೊಂಡಿದೆಯೇ ನೋಡಿ, ಆಮೇಲೆ ಎಂಜಿನಿಯರನ್ನು ಕರೆಸಿ.